ಹೊಸ ಚಾನೆಲ್‌ಗೆ ಉದ್ದನೆಯ ಕೀವರ್ಡ್

ಯೂಟ್ಯೂಬ್‌ನಲ್ಲಿ ‘ದಾಸವಾಳ’ ಎಂದಷ್ಟೇ ಹುಡುಕಿದರೆ ವರ್ಷಗಳಿಂದ ನೆಲೆಯೂರಿದ ಚಾನೆಲ್‌ಗಳ ವಿಡಿಯೋಗಳೇ ಎದುರಾಗುತ್ತವೆ. ಐವತ್ತು ಚಂದಾದಾರರಿರುವ ಕೈತೋಟದ ಚಾನೆಲ್‌ಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಶೀರ್ಷಿಕೆ, ವಿವರಣೆ ಮತ್ತು ವಿಡಿಯೋದ ವಿಷಯ ಹುಡುಕಿದ ಮಾತಿಗೆ ಎಷ್ಟು ಹೊಂದುತ್ತವೆ ಎಂಬುದನ್ನು ಯೂಟ್ಯೂಬ್ ನೋಡುತ್ತದೆ. ಆ ಮಾತಿಗೆ ಜನ ಯಾವ ವಿಡಿಯೋವನ್ನು ಹೆಚ್ಚು ಹೊತ್ತು ನೋಡಿದರು ಎಂಬುದನ್ನೂ ನೋಡುತ್ತದೆ. ಎರಡನೆಯದಕ್ಕೆ ಹೊಸ ಚಾನೆಲ್‌ನ ಬಳಿ ಹಳೆಯ ದಾಖಲೆಯಿಲ್ಲ. ಮೊದಲನೆಯದು ಮಾತ್ರ ಅದರ ಕೈಯಲ್ಲೇ ಇದೆ. ‘ಕುಂಡದಲ್ಲಿರುವ ದಾಸವಾಳದ ಮೊಗ್ಗು ಉದುರುವುದು’ ಎಂಬಂಥ ಉದ್ದನೆಯ ಮಾತು ಬೇಕಾಗುವುದು ಇದಕ್ಕೇ. ಅದನ್ನು ಹುಡುಕುವವರು ಕಡಿಮೆ, ಆದರೆ ಅವರಿಗೆ ಬೇಕಾದದ್ದು ಏನೆಂಬುದು ಸ್ಪಷ್ಟ.

ಇಂಥ ಮಾತನ್ನು ಊಹಿಸಿ ಕಟ್ಟುವುದಕ್ಕಿಂತ ಹುಡುಕಾಟದ ಪಟ್ಟಿಯಲ್ಲೇ ಹೆಕ್ಕುವುದು ಮೇಲು. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿ ತೆರೆದರೆ ಸ್ವಂತ ಖಾತೆಯ ಹಳೆಯ ಹುಡುಕಾಟಗಳು ಅಡ್ಡ ಬರುವುದಿಲ್ಲ. ಅಲ್ಲಿ ‘ದಾಸವಾಳ ಮೊಗ್ಗು’ ಎಂದು ಬರೆದು ನಿಲ್ಲಿಸಿದಾಗ ಕೆಳಗೆ ಇಳಿಯುವ ಸಲಹೆಗಳು ಬಹುಮಟ್ಟಿಗೆ ಜನ ನಿಜವಾಗಿ ಹುಡುಕಿದ ಮಾತುಗಳು. ಕನ್ನಡದಲ್ಲಿ ಇನ್ನೊಂದು ಸುತ್ತು ಅಗತ್ಯ. ಅನೇಕರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಆಡುಮಾತಿನಲ್ಲಿ ಬರೆಯುತ್ತಾರೆ. ಆದ್ದರಿಂದ `dasavala moggu` ಎಂದೂ ಹುಡುಕಿ ನೋಡಬೇಕು. ಎರಡು ಲಿಪಿಗಳ ಪಟ್ಟಿಗಳು ಬೇರೆ ಬೇರೆಯಾಗಿ ಬರಬಹುದು. ಯಾವ ಬಗೆಯಲ್ಲಿ ಬರೆದರೂ ಸಲಹೆಯೇ ಬಾರದಿದ್ದರೆ ಅನುಮಾನಿಸಬೇಕು. ಪೈಪೋಟಿಯಿಲ್ಲದ ಮಾತು ಕೆಲವೊಮ್ಮೆ ಯಾರಿಗೂ ಬೇಡದ ಮಾತೂ ಆಗಿರುತ್ತದೆ.

ಪೈಪೋಟಿ ಅಳೆಯಲು ಹಣ ಕೊಟ್ಟು ಕೊಳ್ಳುವ ಸಾಧನ ಬೇಕಿಲ್ಲ. ಮಾತನ್ನು ಹುಡುಕಿ ಮೊದಲ ಹತ್ತು ಫಲಿತಾಂಶಗಳನ್ನು ಓದಿದರೆ ಸಾಕು. ಅವು ದಾಸವಾಳಕ್ಕೆ ಗೊಬ್ಬರ ಹಾಕುವ, ಕಟಿಂಗ್ ನೆಡುವ ವಿಡಿಯೋಗಳಾಗಿದ್ದು, ಮೊಗ್ಗು ಉದುರುವ ಪ್ರಶ್ನೆಗೆ ನೇರ ಉತ್ತರ ಕೊಡದಿದ್ದರೆ ಅಲ್ಲಿ ಜಾಗ ಖಾಲಿಯಿದೆ. ಸಣ್ಣ ಚಾನೆಲ್‌ನ ವಿಡಿಯೋವೊಂದು ಆ ಹತ್ತರೊಳಗೆ ಇದ್ದರೆ ಅದು ಇನ್ನೂ ಒಳ್ಳೆಯ ಗುರುತು. ದೊಡ್ಡ ಚಾನೆಲ್‌ಗಳು ಅದೇ ಶೀರ್ಷಿಕೆಯಲ್ಲಿ, ಅದೇ ಸಮಸ್ಯೆಯನ್ನು ಚೆನ್ನಾಗಿ ವಿವರಿಸಿದ್ದರೆ ಬೇರೆ ಮಾತಿಗೆ ಹೋಗುವುದೇ ಸರಿ.

ಆರಿಸಿದ ಮಾತು ಶೀರ್ಷಿಕೆಯ ಮೊದಲ ಭಾಗದಲ್ಲಿರಬೇಕು. ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದ್ದರೂ ಮೊಬೈಲ್ ಪರದೆಯಲ್ಲಿ ಕೊನೆಯ ಭಾಗ ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್ ಅಕ್ಷರಗಳ ರೂಪವನ್ನು ವಿವರಣೆಯ ಮೊದಲ ಸಾಲುಗಳಲ್ಲಿ ಸಹಜವಾಗಿ ಸೇರಿಸಬಹುದು. ಟ್ಯಾಗ್‌ಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಅವುಗಳ ಪಾತ್ರ ತೀರಾ ಚಿಕ್ಕದೆಂದು ಯೂಟ್ಯೂಬ್ ತಾನೇ ಹೇಳಿದೆ. ಅದಕ್ಕಿಂತ ಮುಖ್ಯವಾದದ್ದು ಉತ್ತರ. ನೀರಿನ ಏರುಪೇರು, ಹಿಟ್ಟು ತಿಗಣೆಯಂಥ ಕಾರಣಗಳನ್ನು ಬೇಗನೆ ತೋರಿಸದೆ ಎರಡು ನಿಮಿಷ ಪೀಠಿಕೆ ಹಾಕಿದರೆ ಬಂದವರು ಎದ್ದು ಹೋಗುತ್ತಾರೆ. ಯೂಟ್ಯೂಬ್ ಸ್ಟುಡಿಯೋದ ವೀಕ್ಷಣೆಯ ರೇಖೆ ಮೊದಲ ಅರ್ಧ ನಿಮಿಷದಲ್ಲೇ ಕಡಿದಾಗಿ ಇಳಿದರೆ ಅದು ಗೊತ್ತಾಗುತ್ತದೆ.

ಕೆಲವು ವಾರಗಳ ನಂತರ ಅದೇ ಸ್ಟುಡಿಯೋದಲ್ಲಿ, ಹುಡುಕಾಟದಿಂದ ಬಂದವರು ಯಾವ ಮಾತು ಬರೆದಿದ್ದರು ಎಂಬ ಪಟ್ಟಿ ಕಾಣಿಸತೊಡಗುತ್ತದೆ. ಮೊಗ್ಗಿನ ವಿಡಿಯೋಗೆ ‘ದಾಸವಾಳ ಎಲೆ ಹಳದಿ’ ಎಂದು ಹುಡುಕಿದವರೂ ಬಂದಿದ್ದರೆ, ಮುಂದಿನ ವಿಡಿಯೋದ ಕೀವರ್ಡ್ ಅಲ್ಲೇ ಇದೆ.