ನೋಟಿಸಿಗೆ ಎರಡು ತಾರೀಖು

ಐಸಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಮೊದಲ ಪತ್ರಿಕೆಯಲ್ಲಿ ನೋಟಿಸಿಗೆ 5 ಅಂಕ, ಅದೇ ಕಾರ್ಯಕ್ರಮದ ಇಮೇಲಿಗೆ 5 ಅಂಕ. ಮಕ್ಕಳು ಎಡವುವುದು ತಾರೀಖಿನಲ್ಲಿ. ಶಾಲೆಯಲ್ಲಿ ಜುಲೈ 15ಕ್ಕೆ ಚರ್ಚಾಸ್ಪರ್ಧೆ ಇದೆ ಎನ್ನಿ. ಶಾಲೆಯ ಹೆಸರು, ‘ನೋಟಿಸ್’ ಎಂಬ ಪದದ ಜೊತೆ ಮೇಲೆ ಬರುವುದು ನೋಟಿಸು ಹಾಕಿದ ದಿನ, ಜುಲೈ 2. ಸ್ಪರ್ಧೆಯ ದಿನ, ಹೊತ್ತು, ಜಾಗ, ಹೆಸರು ಕೊಡಲು ಕೊನೆಯ ದಿನ ಇವೆಲ್ಲ ಶೀರ್ಷಿಕೆಯ ಕೆಳಗಿನ ಬರಹಕ್ಕೆ ಸೇರಿದವು. ಮೇಲೂ 15 ಎಂದೇ ಬರೆದರೆ ಓದಿದವರು ಹೆಸರು ಕೊಡುವುದಾದರೂ ಯಾವಾಗ? ಸುಮಾರು 50 ಪದ ಸಾಕು. ‘ನಾನು’ ಬೇಡ, ಕೊನೆಗೆ ಸಹಿ, ಹೆಸರು, ಹುದ್ದೆ. ಪಕ್ಕದ ಶಾಲೆಯ ಪ್ರಾಂಶುಪಾಲರಿಗೆ ಬರೆಯುವ ಇಮೇಲಿನಲ್ಲಿ ಅಂಚೆ ವಿಳಾಸ ಬೇಕಿಲ್ಲ, ಆದರೆ ವಿಷಯದ ಸಾಲು ಬಿಡಬೇಡಿ. ಅಲ್ಲಿಯೂ ಸ್ಪರ್ಧೆ ಜುಲೈ 15ರಂದೇ ಇರಲಿ.