ವೀಕ್‌ನೆಸ್ ಹೇಳಿದ ಮೇಲೆ ಬರುವ ಪ್ರಶ್ನೆ

‘ನಾನು ಪರ್ಫೆಕ್ಷನಿಸ್ಟ್ ಸರ್, ಅದೇ ನನ್ನ ವೀಕ್‌ನೆಸ್.’ ಈ ಉತ್ತರವನ್ನು ಎಚ್‌ಆರ್ ವಿಭಾಗದವರು ಅದೆಷ್ಟು ಸಲ ಕೇಳಿರುತ್ತಾರೆಂದರೆ, ಅಭ್ಯರ್ಥಿ ಪೂರ್ತಿ ಹೇಳಿ ಮುಗಿಸುವ ಮೊದಲೇ ಅವರ ಪೆನ್ನು ಮುಂದಿನ ಪ್ರಶ್ನೆಗೆ ಹೋಗಿರುತ್ತದೆ. ಕೆಲವರು ಮಾತ್ರ ಬಿಡುವುದಿಲ್ಲ. ‘ಹೌದಾ? ಅದರಿಂದ ಯಾವಾಗ ತೊಂದರೆ ಆಯ್ತು, ಒಂದು ಉದಾಹರಣೆ ಹೇಳಿ’ ಅನ್ನುತ್ತಾರೆ. ಅಲ್ಲಿಗೆ ಅಭ್ಯರ್ಥಿಯ ಬಾಯಿ ಕಟ್ಟುತ್ತದೆ. ಇಲ್ಲದ ದೋಷಕ್ಕೆ ಉದಾಹರಣೆ ಎಲ್ಲಿಂದ ತರುವುದು?

ಸಂದರ್ಶನದಲ್ಲಿ ದೌರ್ಬಲ್ಯದ ಪ್ರಶ್ನೆ ಒಂಟಿಯಾಗಿ ಬರುವುದು ಕಡಿಮೆ. ಅದರ ಬೆನ್ನಿಗೇ ಇನ್ನೊಂದು ಇರುತ್ತದೆ: ಉದಾಹರಣೆ ಕೊಡಿ, ಅದಕ್ಕೇನು ಮಾಡಿದಿರಿ, ನಿಮ್ಮ ಹಿಂದಿನ ಮ್ಯಾನೇಜರನ್ನು ಕೇಳಿದರೆ ಅವರೇನು ಹೇಳುತ್ತಾರೆ. ಅನುಭವಿ ಸಂದರ್ಶಕರು ಅಂಕ ಹಾಕುವುದು ಈ ಎರಡನೆಯ ಪ್ರಶ್ನೆಗೆ ಬರುವ ಉತ್ತರ ನೋಡಿ. ಹಾಗಾಗಿ ಮನೆಯಲ್ಲಿ ಕೂತು ತಯಾರಿ ಮಾಡುವಾಗ ‘ಯಾವ ವೀಕ್‌ನೆಸ್ ಹೇಳಿದರೆ ಚೆನ್ನಾಗಿ ಕೇಳುತ್ತದೆ’ ಎಂದು ಹುಡುಕುವುದಕ್ಕಿಂತ, ಎರಡನೆಯ ಪ್ರಶ್ನೆಯನ್ನು ತಾಳಿಕೊಳ್ಳುವ ವೀಕ್‌ನೆಸ್ ಯಾವುದು ಎಂದು ಹುಡುಕುವುದು ಮೇಲು.

ಹೊಗಳಿಕೆಗೆ ದೋಷದ ವೇಷ ಹಾಕಿ ಹೇಳುವುದು ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಅಧ್ಯಯನದ ಆಧಾರವೂ ಇದೆ. ಓವುಲ್ ಸೆಜರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯ ಒಂದು ಭಾಗದಲ್ಲಿ ವಿದ್ಯಾರ್ಥಿಗಳಿಗೆ ಇದೇ ಪ್ರಶ್ನೆ ಕೊಟ್ಟಿದ್ದರು. ಅವರಲ್ಲಿ ಬಹುಪಾಲು ಜನ ‘ನಾನು ವಿಪರೀತ ಕೆಲಸ ಮಾಡುತ್ತೇನೆ’, ‘ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುತ್ತೇನೆ’ ಎಂಬ ಧಾಟಿಯಲ್ಲೇ ಬರೆದರು. ಆದರೆ ಆ ಉತ್ತರಗಳನ್ನು ಓದಿ ತೂಗಿದವರು, ನಿಜವಾದ ಕೊರತೆಯನ್ನು ನೇರವಾಗಿ ಒಪ್ಪಿಕೊಂಡವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹೆಚ್ಚು ಒಲವು ತೋರಿದರು. ಅದು ಬರವಣಿಗೆಯ ಮಾತು. ಎದುರಿಗೆ ಕೂತು ಬಾಯಲ್ಲಿ ಹೇಳುವಾಗ ದನಿ, ಉಸಿರು, ನಡುವಿನ ಮೌನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಒಂದು ಪ್ರಕರಣ ಇಟ್ಟುಕೊಂಡೇ ನೋಡೋಣ. ಹಾಸನದ ಕಡೆಯ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಅಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಳೆ ಎಂದುಕೊಳ್ಳಿ. ಟ್ಯಾಲಿಯಲ್ಲಿ ಎಂಟ್ರಿ ಹಾಕುವುದು, ಅಂಗಡಿಗಳ ಜಿಎಸ್‌ಟಿ ರಿಟರ್ನ್ ತಯಾರು ಮಾಡುವುದು ಅವಳ ಕೆಲಸ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಸಂದರ್ಶನ. ಜಾಹೀರಾತಿನಲ್ಲಿ ಕೇಳಿರುವುದು ಮೂರು: ಟ್ಯಾಲಿ ಮತ್ತು ಎಕ್ಸೆಲ್, ಜಿಎಸ್‌ಟಿ ತಿಳಿವಳಿಕೆ, ಲೆಕ್ಕದಲ್ಲಿ ನಿಖರತೆ.

ಅವಳು ಮೊದಲು ಮಾಡಬೇಕಾದದ್ದು ತನ್ನ ನಿಜವಾದ ಕೊರತೆಗಳ ಪಟ್ಟಿ. ಇದಕ್ಕೆ ಸುಲಭದ ದಾರಿ, ಹಿಂದಿನ ಒಂದು ವರ್ಷದಲ್ಲಿ ಯಾರ ಕೈಯಲ್ಲಿ ಏನಕ್ಕೆ ಬೈಸಿಕೊಂಡೆ ಎಂದು ನೆನಪು ಮಾಡಿಕೊಳ್ಳುವುದು. ಅವಳ ಪಟ್ಟಿಯಲ್ಲಿ ನಾಲ್ಕು ಬಂದವು. ಸಿಕ್ಕಿಕೊಂಡಾಗ ಯಾರನ್ನೂ ಕೇಳದೆ ಒಬ್ಬಳೇ ಒದ್ದಾಡುವುದು. ಫೋನಿನಲ್ಲಿ ಇಂಗ್ಲಿಷ್ ಮಾತಾಡಲು ತಡವರಿಸುವುದು. ಎಕ್ಸೆಲ್ಲಿನಲ್ಲಿ ಪಿವೋಟ್ ಟೇಬಲ್ ಸರಿಯಾಗಿ ಬಾರದಿರುವುದು. ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಬರುವುದು.

ತಡವಾಗಿ ಬರುವುದನ್ನು ಹೇಳಿದರೆ ಅದೊಂದು ಅಭ್ಯಾಸದ ದೋಷವಾಗಿ ಕೇಳುತ್ತದೆ. ತಿದ್ದಿಕೊಂಡಿದ್ದರೆ ಹೇಳುವ ಅಗತ್ಯವಿಲ್ಲ, ತಿದ್ದಿಕೊಳ್ಳದಿದ್ದರೆ ಹೇಳಿಕೊಂಡು ಪ್ರಯೋಜನವಿಲ್ಲ. ಎಕ್ಸೆಲ್ ಜಾಹೀರಾತಿನಲ್ಲೇ ಕೇಳಿರುವ ವಿಷಯ. ನೇರವಾಗಿ ‘ಪಿವೋಟ್ ಬರುತ್ತಾ?’ ಎಂದು ಕೇಳಿದರೆ ಸುಳ್ಳು ಹೇಳಬಾರದು, ಕಂಪ್ಯೂಟರಿನ ಮುಂದೆ ಕೂರಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ವೀಕ್‌ನೆಸ್ ಪ್ರಶ್ನೆಗೆ ತಾನಾಗಿಯೇ ಅದನ್ನು ಮುಂದಿಡುವುದೆಂದರೆ ಹುದ್ದೆಯ ಬುಡಕ್ಕೇ ಕೊಡಲಿ ಹಾಕಿಕೊಂಡಂತೆ. ಸಂದರ್ಶನಕ್ಕೆ ಇನ್ನೂ ಹತ್ತು ದಿನವಿದ್ದರೆ ಪಿವೋಟ್ ಕಲಿತುಕೊಂಡು ಹೋಗುವುದೇ ವಾಸಿ. ಇಂಗ್ಲಿಷಿನ ವಿಷಯ ಸ್ವಲ್ಪ ಬೇರೆ. ನಮ್ಮ ಊರುಕೇರಿಗಳಿಂದ ಬಂದ ಹುಡುಗ ಹುಡುಗಿಯರು ಮೊದಲು ಒಪ್ಪಿಸುವುದೇ ಅದನ್ನು. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತಿದ್ದರೆ ಎದುರಿನವರಿಗೆ ಅದು ಆಗಲೇ ಕೇಳಿಸಿರುತ್ತದೆ. ಕೇಳಿಸಿದ್ದನ್ನೇ ಮತ್ತೆ ಹೇಳಿದರೆ ಒಂದು ಉತ್ತರ ದಂಡವಾಯಿತು, ಜೊತೆಗೆ ಕ್ಷಮೆ ಕೇಳಿದ ಹಾಗೂ ಆಯಿತು.

ಉಳಿದದ್ದು ಮೊದಲನೆಯದು, ಕೇಳಲು ಹಿಂಜರಿಯುವುದು. ಅದು ನಿಜ, ಕೆಲಸಕ್ಕೆ ಸಂಬಂಧಿಸಿದ್ದು, ಹುದ್ದೆ ಕೇಳುವ ಮೂರರಲ್ಲಿ ಇಲ್ಲದ್ದು. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೊಂದು ಘಟನೆ ಇದೆ, ಆಮೇಲೆ ಅವಳು ಏನು ಬದಲಾಯಿಸಿಕೊಂಡಳು ಎಂಬುದೂ ಇದೆ. ಎರಡನೆಯ ಪ್ರಶ್ನೆಗೆ ಬೇಕಾದ ಸರಕು ಇದೇ.

ಹೇಳುವಾಗ ಸ್ವಭಾವವನ್ನು ಹೇಳಬಾರದು, ನಡೆದದ್ದನ್ನು ಹೇಳಬೇಕು. ‘ನನಗೆ ಭಯ ಜಾಸ್ತಿ’, ‘ನಾನು ಸಂಕೋಚದ ಸ್ವಭಾವದವಳು’ ಎಂದರೆ ಕೇಳುವವರ ತಲೆಯಲ್ಲಿ ಅದು ಅವಳ ಎಲ್ಲ ಕೆಲಸಕ್ಕೂ ಅಂಟಿಕೊಳ್ಳುತ್ತದೆ. ‘ಸಿಕ್ಕಿಕೊಂಡಾಗ ಕೇಳಲು ತಡಮಾಡುತ್ತಿದ್ದೆ’ ಎಂದರೆ ಅದಕ್ಕೊಂದು ಎಲ್ಲೆ ಇರುತ್ತದೆ. ಅವಳ ಉತ್ತರ ಹೀಗಿರಬಹುದು:

‘ಕೆಲಸದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಬೇರೆಯವರನ್ನ ಕೇಳೋದಕ್ಕೆ ನಾನು ತಡ ಮಾಡ್ತೀನಿ ಸರ್. ಕಳೆದ ವರ್ಷ ಒಬ್ಬ ಕ್ಲೈಂಟಿನ ಪರ್ಚೇಸ್ ರಿಜಿಸ್ಟರ್‌ಗೂ ಜಿಎಸ್‌ಟಿಆರ್-2ಬಿಗೂ ತಾಳೆ ಆಗ್ತಿರಲಿಲ್ಲ. ನಾನೇ ಸರಿಮಾಡ್ತೀನಿ ಅಂತ ಮೂರು ದಿನ ಕೂತೆ. ಸೀನಿಯರ್‌ಗೆ ಹೇಳಿದ್ದು 20ನೇ ತಾರೀಕು ಸಂಜೆ. 3ಬಿ ರಿಟರ್ನ್ ಒಂದು ದಿನ ಲೇಟಾಯ್ತು, ಕ್ಲೈಂಟ್ ಲೇಟ್ ಫೀ ಕಟ್ಟಬೇಕಾಯ್ತು. ಅವತ್ತಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೀನಿ. ಅರ್ಧ ಗಂಟೆ ನೋಡ್ತೀನಿ, ಆಗದಿದ್ದರೆ ಏನೇನು ನೋಡಿದೆ ಅಂತ ಎರಡು ಸಾಲು ಬರೆದು ಸೀನಿಯರ್‌ಗೆ ಕಳಿಸ್ತೀನಿ. ತಾಳೆಯಾಗದ ಬಿಲ್‌ಗಳ ಪಟ್ಟಿ ಈಗ 15ನೇ ತಾರೀಕೇ ಕೊಡ್ತೀನಿ. ಪರಿಚಯ ಇಲ್ಲದವರ ಹತ್ತಿರ ಕೇಳೋದು ಈಗಲೂ ಸ್ವಲ್ಪ ಕಷ್ಟಾನೇ.’

ಇಷ್ಟೇ. ನಿಧಾನವಾಗಿ ಹೇಳಿದರೂ ಒಂದು ನಿಮಿಷದ ಒಳಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೂ ಕ್ರಮ ಇದೇ, ವಾಕ್ಯಗಳು ಇನ್ನೂ ಚಿಕ್ಕವಾಗಿದ್ದರೆ ಒಳ್ಳೆಯದು.

ಈ ಉತ್ತರದಲ್ಲಿ ತಾರೀಕುಗಳ ಪಾತ್ರ ದೊಡ್ಡದು. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರಿಗೆ 2ಬಿ ಪಟ್ಟಿ ಪೋರ್ಟಲ್‌ನಲ್ಲಿ ಬರುವುದು 14ಕ್ಕೆ, 3ಬಿ ರಿಟರ್ನಿನ ಕೊನೆಯ ದಿನ 20. ಅಕೌಂಟ್ಸ್ ಗೊತ್ತಿರುವ ಸಂದರ್ಶಕರಿಗೆ ಅವಳು ಕಳೆದುಕೊಂಡ ಮೂರು ದಿನದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. 15ಕ್ಕೇ ಪಟ್ಟಿ ಕೊಡುತ್ತೇನೆ ಎಂದಾಗ, ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದು ಇವಳಿಗೆ ಗೊತ್ತಿದೆ ಎಂದೂ ತಿಳಿಯುತ್ತದೆ. ದೌರ್ಬಲ್ಯ ಹೇಳುತ್ತ ಹೇಳುತ್ತಲೇ ಅವಳು ಕೆಲಸ ಬಲ್ಲವಳು ಎಂಬುದು ತಾನಾಗಿ ಹೊರಬಿತ್ತು, ಅದಕ್ಕೆ ಬೇರೆ ಜಂಬದ ಮಾತು ಬೇಕಾಗಲಿಲ್ಲ. ಕೊನೆಯ ವಾಕ್ಯವನ್ನು ಬಿಡಿಸಲು ಮನೆಯವರೂ ಗೆಳತಿಯರೂ ನೋಡುತ್ತಾರೆ, ‘ಪೂರ್ತಿ ಸರಿಹೋಗಿದೆ ಅಂತ ಹೇಳೇ’ ಎನ್ನುತ್ತಾರೆ. ನನ್ನ ಮಟ್ಟಿಗೆ ಅದೇ ಉಳಿಯಬೇಕಾದ ವಾಕ್ಯ. ಪೂರ್ತಿ ವಾಸಿಯಾದ ಕೊರತೆ ಹಳೆಯ ಕಥೆ, ಈಗಿನದನ್ನು ಕೇಳಿದವರಿಗೆ ಅದು ಉತ್ತರವಲ್ಲ.

ಇನ್ನು ಬಾಯಲ್ಲಿ ಹೇಳುವಾಗ ಎಡವುವ ಜಾಗಗಳು. ಮೊದಲನೆಯದು ‘ಆದರೆ’. ದೌರ್ಬಲ್ಯವನ್ನು ಹೇಳಿದ ಉಸಿರಿನಲ್ಲೇ ‘ಆದರೆ ಈಗ ಸರಿಮಾಡಿಕೊಂಡಿದ್ದೀನಿ’ ಎಂದು ಓಡಿಬಿಟ್ಟರೆ, ಮೊದಲಿನ ಮಾತನ್ನು ಮುಚ್ಚಿಹಾಕಲು ಹೊರಟಂತೆ ಕೇಳುತ್ತದೆ. ಮೊದಲ ವಾಕ್ಯವನ್ನು ಪೂರ್ತಿ ಮುಗಿಸಿ, ಒಂದು ಉಸಿರು ತೆಗೆದುಕೊಂಡು ಮುಂದೆ ಹೋಗಬೇಕು. ಹೆಚ್ಚಿನವರ ದನಿ ಸರಿಯಾಗಿ ಆ ವಾಕ್ಯದ ಕೊನೆಯಲ್ಲೇ ಇಳಿದು, ಮುಖ್ಯ ಕ್ರಿಯಾಪದವೇ ಕೇಳಿಸದೆ ಹೋಗುತ್ತದೆ. ಕೆಲವರು ಅಲ್ಲೊಂದು ಸಣ್ಣ ನಗು ಸೇರಿಸುತ್ತಾರೆ. ನಾಚಿಕೆಯ ನಗುವೇ ಇರಬಹುದು, ಎದುರಿನವರಿಗೆ ಅದು ಉಡಾಫೆಯಾಗಿ ಕಾಣುವುದುಂಟು.

ಎರಡನೆಯದು ಉತ್ತರ ಮುಗಿದ ಮೇಲಿನ ಮೌನ. ನಾನು ಕಂಡಂತೆ ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ. ಅಭ್ಯರ್ಥಿ ಚೆನ್ನಾಗಿ ಹೇಳಿ ಮುಗಿಸುತ್ತಾನೆ, ಸಂದರ್ಶಕರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿರುತ್ತಾರೆ. ನಾಲ್ಕೈದು ಸೆಕೆಂಡು ಯಾರೂ ಮಾತಾಡುವುದಿಲ್ಲ. ಅಷ್ಟಕ್ಕೇ ಜೀವ ಚಡಪಡಿಸಿ, ‘ಆಮೇಲೆ ಸರ್, ನನಗೆ ಸ್ವಲ್ಪ ಮರೆವೂ ಜಾಸ್ತಿ’ ಎಂದು ಯಾರೂ ಕೇಳದ ಇನ್ನೊಂದನ್ನು ಎತ್ತಿ ಕೊಟ್ಟುಬಿಡುತ್ತಾನೆ. ಅವರು ಬರೆದುಕೊಳ್ಳುವುದು ಅದನ್ನೇ. ನಿಮ್ಮ ಕೊನೆಯ ವಾಕ್ಯ ಯಾವುದೆಂದು ಮೊದಲೇ ಗೊತ್ತಿದ್ದರೆ ಅಲ್ಲಿ ನಿಲ್ಲುವುದು ಸುಲಭ.

ಅಭ್ಯಾಸವನ್ನು ಬಾಯಿ ಬಿಟ್ಟೇ ಮಾಡಬೇಕು. ಮನಸ್ಸಿನಲ್ಲಿ ಹೇಳಿಕೊಂಡ ಉತ್ತರ ಯಾವಾಗಲೂ ಸರಾಗವಾಗಿಯೇ ಇರುತ್ತದೆ, ತೊಡರುವುದು ನಾಲಿಗೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದೂವರೆ ನಿಮಿಷ ದಾಟಿತೇ, ‘ಆ್ಯಕ್ಚುಲಿ’ ಎಷ್ಟು ಸಲ ಬಂತು, ದನಿ ಎಲ್ಲಿ ಬಿತ್ತು ಎಂದು ನೋಡಿ. ಪದಶಃ ಬಾಯಿಪಾಠ ಮಾಡಿದರೆ ಒಂದು ಪದ ಮರೆತಾಗ ಇಡೀ ಸರಪಳಿ ಕಳಚುತ್ತದೆ. ಕೊರತೆ ಏನು, ಎಲ್ಲಿ ಕಾಣಿಸಿತು, ನಷ್ಟವೇನಾಯಿತು, ಈಗೇನು ಮಾಡುತ್ತೇನೆ, ಇನ್ನೂ ಏನು ಉಳಿದಿದೆ ಎಂಬ ಕ್ರಮ ಮಾತ್ರ ನೆನಪಿದ್ದರೆ ಸಾಕು. ವೀಡಿಯೊ ಸಂದರ್ಶನವೆಂದು ಪರದೆಯ ಪಕ್ಕ ಚೀಟಿ ಅಂಟಿಸಿಕೊಂಡವರ ಕಣ್ಣು ಎಲ್ಲಿ ಓಡುತ್ತಿದೆ ಎಂಬುದು ಆಚೆಯವರಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ಸಲ ಒಬ್ಬರೇ ಹೇಳಿಕೊಂಡ ಮೇಲೆ ಅಕ್ಕನನ್ನೋ ಗೆಳೆಯನನ್ನೋ ಎದುರಿಗೆ ಕೂರಿಸಿಕೊಂಡು, ಪ್ರತಿ ಸಲವೂ ಎರಡನೆಯ ಪ್ರಶ್ನೆಯನ್ನು ಬೇರೆ ಬೇರೆ ಥರ ಕೇಳಲು ಹೇಳಿ.

ಈಗಷ್ಟೇ ಓದು ಮುಗಿಸಿದವರು ಆಫೀಸಿನ ಘಟನೆ ಎಲ್ಲಿಂದ ತರುವುದೆಂದು ಚಿಂತಿಸಬೇಕಿಲ್ಲ. ಕಾಲೇಜಿನ ಪ್ರಾಜೆಕ್ಟು, ಎನ್‌ಎಸ್‌ಎಸ್ ಶಿಬಿರದ ಖರ್ಚಿನ ಲೆಕ್ಕ, ಎಲ್ಲವೂ ನಡೆಯುತ್ತದೆ. ಆದರೆ ಆರೋಗ್ಯ, ಮನೆಯ ತೊಂದರೆ, ಮದುವೆಯ ವಿಷಯ ಇವನ್ನು ದೌರ್ಬಲ್ಯದ ಉತ್ತರಕ್ಕೆ ಎಳೆದು ತರಬೇಡಿ. ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ಹರವುವುದಲ್ಲ. ಅವರು ಕೇಳಿದ್ದು ಕೆಲಸದ ಬಗ್ಗೆ.

ಕೆಲವರು ‘ಇನ್ನೊಂದು ಹೇಳಿ’ ಎನ್ನುತ್ತಾರೆ. ಅದಕ್ಕಾಗಿ ಎರಡನೆಯ ಕೊರತೆಯೊಂದನ್ನು ಇದೇ ಕ್ರಮದಲ್ಲಿ ಸಿದ್ಧವಾಗಿಟ್ಟುಕೊಂಡಿರಿ, ಕೇಳಿದರೆ ಮಾತ್ರ ಹೇಳಿ. ಇನ್ನು ಕೆಲವು ಕಂಪನಿಗಳು ಆಯ್ಕೆಯ ಮೊದಲು ಹಿಂದಿನ ಆಫೀಸಿಗೆ ಫೋನ್ ಮಾಡಿ ವಿಚಾರಿಸುತ್ತವೆ. ಹಾಸನದ ಆ ಸೀನಿಯರ್‌ಗೂ ಅಂಥದೊಂದು ಫೋನ್ ಬರಬಹುದು. ‘ಹುಡುಗಿ ಕೆಲಸದಲ್ಲಿ ಚುರುಕು, ಆದರೆ ಕೇಳೋದೇ ಕಮ್ಮಿ, ಈಗ ಪರವಾಗಿಲ್ಲ’ ಎಂದು ಅವರು ಅಂದರೆ, ಎರಡೂ ಕಡೆಯ ಮಾತು ತಾಳೆಯಾಗುತ್ತದೆ.