ಬಿಸಿಲಿನಲ್ಲೂ ತಡವಾಗುವ ವಿಮಾನ

ಜನವರಿಯ ಮಧ್ಯಾಹ್ನ. ದೇವನಹಳ್ಳಿಯ ವಿಮಾನ ನಿಲ್ದಾಣದ ಗಾಜಿನಾಚೆ ರನ್‌ವೇ ಬಿಸಿಲಿಗೆ ಹೊಳೆಯುತ್ತಿದೆ. ಮಂಗಳೂರಿಗೆ 2:25ಕ್ಕೆ ಹೊರಡಬೇಕಿದ್ದ ವಿಮಾನದ ಮುಂದೆ ಫಲಕದಲ್ಲಿ Delayed ಎಂದು ಬಂದಿದೆ, ಹೊಸ ಸಮಯ 3:05. "ಮಳೆ ಇಲ್ಲ, ಗಾಳಿ ಇಲ್ಲ, ಯಾಕೆ ಮಾರಾಯ್ರೆ ತಡ?" ಎಂದು ಹಿರಿಯರೊಬ್ಬರು ಗೇಟಿನ ಹುಡುಗಿಯನ್ನು ಕೇಳುತ್ತಿದ್ದಾರೆ. "ವಿಮಾನ ಇನ್ನೂ ಮುಂಬೈಯಿಂದ ಬರಬೇಕು ಸರ್" ಎನ್ನುತ್ತಾಳೆ ಆಕೆ. ಕಾರಣ ಮಾತ್ರ ಮುಂಬೈಯದ್ದೂ ಅಲ್ಲ. ಅದು ಬೆಳಿಗ್ಗೆಯ ದೆಹಲಿಯಲ್ಲಿದೆ.

ದೇಶದೊಳಗೆ ಹಾರುವ ವಿಮಾನ ದಿನಕ್ಕೆ ಐದಾರು ಬಾರಿ ಏರಿ ಇಳಿಯುತ್ತದೆ. ಇಂಥ ದಿನವೊಂದರ ಲೆಕ್ಕವನ್ನು ಬಿಡಿಸಿ ನೋಡೋಣ. ಈ ವಿಮಾನ ದೆಹಲಿಯಿಂದ 6 ಗಂಟೆಗೆ ಹೊರಟು ಬೆಂಗಳೂರಿಗೆ ಬಂದು, ಮುಂಬೈಗೆ ಹೋಗಿ, ಮತ್ತೆ ಬೆಂಗಳೂರಿಗೆ ಬಂದು, ಆಮೇಲೆ ಮಂಗಳೂರಿಗೆ ಹಾರಬೇಕು. ದೆಹಲಿಯಲ್ಲಿ ದಟ್ಟ ಮಂಜು. ಸಜ್ಜಾದ ವಿಮಾನ ಆಟೋಪೈಲಟ್ ನೆರವಿನಿಂದ 50 ಮೀಟರ್ ಗೋಚರತೆಯಲ್ಲೂ ಇಳಿಯಬಲ್ಲದು. ಆದರೆ ಏರುವಾಗ ಪೈಲಟ್ ರನ್‌ವೇಯ ನಡುಗೆರೆಯನ್ನು ಕಣ್ಣಾರೆ ಕಂಡು ಓಡಿಸಬೇಕು, ಅದಕ್ಕೆ 125 ಮೀಟರ್ ಬೇಕು. ಹಾಗಾಗಿ ಎದುರಿಗೇ ಬೇರೆ ವಿಮಾನಗಳು ಇಳಿಯುತ್ತಿದ್ದರೂ ನಮ್ಮದು ಕಾಯುತ್ತದೆ. ಕೊನೆಗೆ ಹೊರಟದ್ದು 7:35ಕ್ಕೆ.

ವೇಳಾಪಟ್ಟಿಯಲ್ಲಿ ವಿಮಾನ ಸಂಸ್ಥೆಗಳು ಕೆಲವು ನಿಮಿಷ ಹೆಚ್ಚಿಗೆ ಇಟ್ಟುಕೊಂಡಿರುತ್ತವೆ. ಅದರಿಂದ ಹತ್ತು ನಿಮಿಷ ಉಳಿಯಿತು, 8:50ಕ್ಕೆ ಬರಬೇಕಾದದ್ದು 10:15ಕ್ಕೆ ಬಂತು. ಇನ್ನು ಪ್ರಯಾಣಿಕರು ಇಳಿಯಬೇಕು, ಕಸ ತೆಗೆಯಬೇಕು, ಇಂಧನ ತುಂಬಬೇಕು, ಲಗೇಜು ಬದಲಾಗಬೇಕು, ಹೊಸಬರು ಹತ್ತಬೇಕು. ಪಟ್ಟಿಯಲ್ಲಿ ಇದಕ್ಕೆ 40 ನಿಮಿಷ. ನೆಲದ ಸಿಬ್ಬಂದಿ ಓಡಾಡಿ ಅದನ್ನು 30ಕ್ಕೆ ಇಳಿಸಿದರು. ನೂರೆಂಬತ್ತು ಜನ ಒಂದೇ ಓಣಿಯಲ್ಲಿ ಇಳಿದು ಹತ್ತುವ ವಿಮಾನದಲ್ಲಿ ಇದಕ್ಕಿಂತ ಹೆಚ್ಚು ಹಿಂಡುವುದು ಕಷ್ಟ. 9:30ಕ್ಕೆ ಹೊರಡಬೇಕಾದದ್ದು 10:45ಕ್ಕೆ ಹೊರಟಿತು.

ಮುಂಬೈಯಲ್ಲಿ ಇನ್ನೊಂದು ತೊಡಕು. ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಒಂದು ಹೊತ್ತಿಗೆ ಒಂದೇ ಬಳಕೆಯಲ್ಲಿರುತ್ತದೆ. ಏರುವವೂ ಇಳಿಯುವವೂ ಅದರಲ್ಲೇ. ದೊಡ್ಡ ವಿಮಾನದ ಹಿಂದೆ ಗಾಳಿಯ ಸುಳಿ ಉಳಿಯುವುದರಿಂದ ಮುಂದಿನ ಸಣ್ಣದನ್ನು ಎಟಿಸಿ ಇನ್ನಷ್ಟು ದೂರದಲ್ಲಿ ಇಡುತ್ತದೆ. ನಮ್ಮ ವಿಮಾನ ಆಕಾಶದಲ್ಲೇ ಕಾಲು ಗಂಟೆ ಸುತ್ತಿ 12:50ಕ್ಕೆ ಗೇಟು ಮುಟ್ಟಿತು. ಇಂಥ ಸುತ್ತಾಟ ಇಂಧನ ತಿನ್ನುತ್ತದೆ. ಆದ್ದರಿಂದಲೇ ದಟ್ಟಣೆ ಮೊದಲೇ ಗೊತ್ತಿದ್ದರೆ ಎಟಿಸಿ ಹೊರಡುವ ಊರಲ್ಲೇ ವಿಮಾನವನ್ನು ತಡೆದು ಹಾರುವ ಸಮಯ ಗೊತ್ತುಮಾಡುತ್ತದೆ. ಬಾಗಿಲು ಮುಚ್ಚಿ, ಬೆಲ್ಟು ಕಟ್ಟಿ, ಅಲುಗಾಡದೆ ಕೂತಿರುತ್ತೇವಲ್ಲ, ಹಲವು ಸಲ ಅದು ಇದೇ.

ಈಗ ಗೇಟಿನ ಮುಂದೆ ಕೂತವರು ಏನು ನೋಡಬೇಕು? ತಮ್ಮ ವಿಮಾನದ ಸಂಖ್ಯೆಗಿಂತ ಮುಖ್ಯವಾದದ್ದು, ಅದಕ್ಕೆ ನಿಯೋಜಿಸಿದ ವಿಮಾನ ಯಾವುದು ಎಂಬುದು. ಭಾರತದ ವಿಮಾನಗಳ ನೋಂದಣಿ VT- ಎಂದು ಶುರುವಾಗುತ್ತದೆ. Flightradar24ನಂಥ ಆ್ಯಪ್‌ನಲ್ಲಿ ಆ ನೋಂದಣಿಯನ್ನು ಒತ್ತಿದರೆ ಅದರ ಇಡೀ ದಿನದ ಓಡಾಟ ಸಾಲಾಗಿ ಕಾಣುತ್ತದೆ. ನಮ್ಮ ವಿಮಾನ ಮುಂಬೈಯಿಂದ 12 ಗಂಟೆಗೆ ಹೊರಡಬೇಕಿತ್ತು. ಸಂಸ್ಥೆಯ ಪುಟದಲ್ಲಿ Departed 1:20 ಎಂದಿದೆ. ಅದು ಗೇಟು ಬಿಟ್ಟ ಹೊತ್ತು. ನಕ್ಷೆಯಲ್ಲಿ ನೆಲಬಿಟ್ಟದ್ದು 1:45ಕ್ಕೆ, ನಡುವಿನ 25 ನಿಮಿಷ ರನ್‌ವೇಯ ಸರದಿಗೆ ಹೋಗಿದೆ. ಬೆಂಗಳೂರಿನ ಗೇಟಿಗೆ ಬರುವ ಅಂದಾಜು 3:05.

ಫಲಕ ನಮಗೆ ಹೇಳುತ್ತಿರುವ ಹೊರಡುವ ಸಮಯವೂ ಅದೇ 3:05! ಗೇಟಿಗೆ ಬಂದ ವಿಮಾನ ಅದೇ ನಿಮಿಷಕ್ಕೆ ಹೊರಡಲಾರದು. ಇಳಿಸಿ ಹತ್ತಿಸುವ 30 ನಿಮಿಷ ಸೇರಿಸಿದರೆ 3:35. ಫಲಕದ ಅಂಕಿ ಇನ್ನೊಮ್ಮೆ ಬದಲಾಗುತ್ತದೆಂದು ಈಗಲೇ ಹೇಳಬಹುದು. ತಡವನ್ನು ಕಂತುಕಂತಾಗಿ ತಿಳಿಸುವ ಈ ಪದ್ಧತಿ ನನಗೆ ಸರಿಕಾಣದು. ಮಂಗಳೂರಿನಲ್ಲಿ ಕಾರು ಕಾಯಿಸಿದವರಿಗೆ, ಮಕ್ಕಳಿಗೆ ಊಟ ಕೊಡಿಸಬೇಕಾದವರಿಗೆ ನಿಜವಾದ ಹೊತ್ತು ಮೊದಲೇ ಬೇಕು.

ಆದರೂ ಈ ಲೆಕ್ಕವನ್ನು ನಂಬಿ ಗೇಟಿನಿಂದ ದೂರ ಹೋಗಬಾರದು. ತಡ ವಿಪರೀತವಾದರೆ ಸಂಸ್ಥೆ ಖಾಲಿ ನಿಂತ ಇನ್ನೊಂದು ವಿಮಾನವನ್ನು ತಂದು ಜೋಡಿಸಬಹುದು. ಆಗ ನೋಂದಣಿ ಬದಲಾಗುತ್ತದೆ, ಹೊರಡುವ ಸಮಯ ಹಿಂದಕ್ಕೆ ಬರುತ್ತದೆ. ವಿಮಾನ ಸಿದ್ಧವಿದ್ದೂ ಪೈಲಟ್‌ಗಳ ಕೆಲಸದ ಗಂಟೆಯ ಮಿತಿ ಮುಗಿದಿದ್ದರೆ ಹೊಸಬರು ಬರುವ ತನಕ ಕಾಯಬೇಕು. ಅದು ಯಾವ ನಕ್ಷೆಯಲ್ಲೂ ಕಾಣದು, ಗೇಟಿನಲ್ಲೇ ಕೇಳಬೇಕು: "ವಿಮಾನ ಬಂತು ಸರಿ, ಸಿಬ್ಬಂದಿ ಬಂದಿದ್ದಾರಾ?"